ಗೋಡೌನ್ ತಾರಸಿ ನೀರಿಗೆ ಗ್ರಾವಿಟಿನಾ, ಸೈಫಾನಿಕ್ಕಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಗ್ರಾವಿಟಿಗೆ, ಅಂದ್ರೆ ಮಳೆನೀರು ಇಳಿಜಾರಲ್ಲಿ ತಾನಾಗೇ ಹರಿದು ಹೋಗೋದು; ತುಂಬಿದ ಪೈಪು ನೀರನ್ನ ಎಳ್ಕೊಂಡು ಹೋಗೋದು ಸೈಫಾನಿಕ್. ದಾಬಸ್‌ಪೇಟೆಲಿ ನಮ್ದು ಅಕ್ಕಪಕ್ಕ ಎರಡು ಗೋಡೌನು, ಎರಡೂ 60 ಮೀಟರ್ ಉದ್ದ 40 ಅಗಲ, ಆರ್‌ಸಿಸಿ ತಾರಸಿ. ಹಳೇದಕ್ಕೆ ಸೈಫಾನಿಕ್ ಹಾಕ್ಸಿ ಅನುಭವ ಆದ್ಮೇಲೆ ಹೊಸದಕ್ಕೆ ಗ್ರಾವಿಟಿ ಮಾಡ್ಸಿದ್ದು.

ನೀರಿನ ಲೆಕ್ಕ ಎರಡಕ್ಕೂ ಒಂದೇ. 2400 ಚದರ ಮೀಟರ್‌ಗೆ ಗಂಟೆಗೆ 150 ಮಿ.ಮೀ. ಮಳೆ ಅಂತ ಹಿಡಿದು ಗುಣಿಸಿ 3600ರಿಂದ ಭಾಗಿಸಿದ್ರೆ ಸೆಕೆಂಡಿಗೆ 100 ಲೀಟರ್. ಸೈಫಾನಿಕ್‌ನಲ್ಲಿ ಇದಕ್ಕೆ 10 ಔಟ್‌ಲೆಟ್, ಐದೈದು ಸೇರಿ ಒಂದೊಂದು ಹೆಡರ್, ಅಂದ್ರೆ ಅಡ್ಡಕ್ಕೆ ಓಡೋ ಪೈಪು, ಕೆಳಗೆ ಬರೋದು ಎರಡೇ ಪೈಪು. ಹೆಡರ್‌ಗೆ ಸ್ಲೋಪೂ ಬೇಡ. ನೋಡೋಕೆ ಚೆಂದ, ಒಪ್ಕೋತೀನಿ.

ತಲೆನೋವು ಶುರುವಾಗಿದ್ದು ಒಂದು ತಟ್ಟೆಯಿಂದ. ಪ್ರತಿ ಔಟ್‌ಲೆಟ್ ಬಾಯಿ ಮೇಲೆ ಅಗಲವಾದ ತಟ್ಟೆ ಇರುತ್ತೆ, ನೀರು ಸುಳಿ ಸುತ್ತಿ ಗಾಳಿ ಎಳ್ಕೊಳ್ಳದೆ ಇರ್ಲಿ ಅಂತ, ಯಾಕಂದ್ರೆ ಪೈಪು ಪೂರ್ತಿ ನೀರು ತುಂಬಿದ್ರೆ ಮಾತ್ರ ಕೆಳಗೆ ಬೀಳೋ ನೀರು ಮೇಲಿಂದನ್ನ ಎಳೆಯೋದು. ಒಂದು ತಟ್ಟೆ ಒಡೆದಿತ್ತು, ನಮ್ಮ ಪ್ಲಂಬರ್ ಅಂಗಡಿಲಿ ಸಿಗೋ ಮಾಮೂಲಿ ಜಾಲರಿ ತಂದು ಕೂರಿಸ್ಬಿಟ್ಟ. ಸಣ್ಣ ಮಳೆಗೆಲ್ಲ ಏನೂ ಗೊತ್ತಾಗ್ಲಿಲ್ಲ, ಅದು ಆಗ ಹೇಗೂ ಗ್ರಾವಿಟಿ ಥರಾನೇ ಓಡೋದು. ಜೋರು ಮಳೆ ಬಂದ ದಿನ ಆ ಒಂದು ಬಾಯಿಂದ ಗಾಳಿ ಹೋಗಿ ಅದೇ ಹೆಡರ್‌ನ ಐದೂ ಔಟ್‌ಲೆಟ್ ಎಳೆಯೋದು ನಿಂತೋಯ್ತು, ಸಣ್ಣ ಪೈಪು, ಸ್ಲೋಪ್ ಇಲ್ಲ, ನೀರು ಹೋಗೋದಾದ್ರೂ ಎಲ್ಲಿಗೆ! ತಾರಸಿ ಮೇಲೆ ಅರ್ಧ ಭಾಗ ಅರ್ಧ ಗೇಣಿಗೆ ಸ್ವಲ್ಪ ಕಮ್ಮಿ, 110 ಮಿ.ಮೀ. ನೀರು, ಅಂದ್ರೆ ಚದರ ಮೀಟರ್‌ಗೆ 110 ಕೆಜಿ ಭಾರ. ಕಂಡುಹಿಡಿದಿದ್ದು ಹೇಗೆ ಅಂದ್ರೆ, ಚೆನ್ನಾಗಿರೋ ಹೆಡರ್ ಒಂದೇ ಸಮ ಭೋರ್ ಅಂತಿತ್ತು, ಕೆಟ್ಟಿದ್ದು ಗುಳುಗುಳು ಅಂತಿತ್ತು, ಮೇಲೆ ಹೋಗಿ ನೋಡಿದ್ರೆ ಜಾಲರಿ ಮೇಲೆ ಸುಳಿ.

ಗ್ರಾವಿಟಿಲಿ ಸೈಜಿಂಗ್ ಮಾಡುವಾಗ ಒಂದು ಕಲಿತೆ: ಕಮ್ಮಿ ಬೀಳೋದು ಪೈಪಲ್ಲ, ಬಾಯಿ. ನೀರು ಬಾಯಿ ಅಂಚಿಂದ ಒಳಗೆ ಬೀಳಬೇಕಲ್ಲ, 160 ಮಿ.ಮೀ. ಬಾಯಿಗೆ ಸುತ್ತ 45 ಮಿ.ಮೀ. ನೀರು ನಿಂತ್ರೆ ಇಳಿಯೋದು ಸೆಕೆಂಡಿಗೆ ಸುಮಾರು 6.4 ಲೀಟರ್. ಹಾಗಾಗಿ 16 ಔಟ್‌ಲೆಟ್, ಎರಡೂ ಕಡೆ ಪ್ಯಾರಪೆಟ್ ಪಕ್ಕ ಎಂಟೆಂಟು, ಪೈಪೆಲ್ಲ ಗೋಡೆ ಹೊರಗೆ. ಒಂದು ಕಟ್ಕೊಂಡ್ರೆ ಉಳಿದ 15 ಅವುಗಳ ಪಾಡಿಗೆ ಓಡ್ತವೆ. ಖರ್ಚು ಹೋಗಿದ್ದು ಸ್ಲೋಪ್‌ಗೆ, ನಡುವಿಂದ ಅಂಚಿಗೆ 20 ಮೀಟರ್, ನೂರಕ್ಕೆ ಒಂದು ಅಂದ್ರೂ ನಡುವೆ 200 ಮಿ.ಮೀ. ಸ್ಕ್ರೀಡ್, ಅಂದ್ರೆ ಸ್ಲೋಪ್‌ಗೆ ಹಾಕೋ ಸಿಮೆಂಟ್ ಪದರ. ಇಂಜಿನಿಯರ್ ಭಾರ ಒಪ್ಪಿದ್ರು ಅಂತ ಸರಿ ಹೋಯ್ತು.

ಓವರ್‌ಫ್ಲೋ ತೂತು ಪ್ಯಾರಪೆಟ್‌ನಲ್ಲಿ ಎರಡಕ್ಕೂ ಬೇಕು. ಹಳೇದಕ್ಕೆ ಇರ್ಲಿಲ್ಲ, ಆಮೇಲೆ ಕೊರೆಸಿದ್ವಿ.

ಇನ್ನೂ ಅಗಲವಾದ ತಾರಸಿ, ಅಂಚಿಗೆ ಸ್ಲೋಪ್ ಕೊಡೋಕೇ ಆಗಲ್ಲ ಅನ್ನೋರು ಸೈಫಾನಿಕ್ಕೇ ಹಾಕ್ಸಿ. ಆದ್ರೆ ಅದೇ ಕಂಪನಿ ತಟ್ಟೆ ನಾಲ್ಕು ಎಕ್ಸ್‌ಟ್ರಾ ತಂದು ಆಫೀಸ್ ಬೀರೂಲಿಟ್ಟು ಬೀಗ ಹಾಕಿ, ನಮ್ಮ ಪ್ಲಂಬರ್ ಅಂಥವರ ಕೈಗೆ ಸಿಗದ ಹಾಗೆ.