ಸ್ಟೆಪ್-ಡೌನ್ ಮತ್ತು ರೆಸಿಪ್ರೋಕಲ್: ಒಂದೇ ಅಂಕಿ-ಅಂಶ, ಮೂರು ಉತ್ತರ

ಸೇವಾ ವಿಭಾಗಗಳ ವೆಚ್ಚವನ್ನು ಉತ್ಪಾದನಾ ವಿಭಾಗಗಳಿಗೆ ಹಂಚುವಾಗ ಒಂದೊಂದೇ ಸೇವಾ ವಿಭಾಗವನ್ನು ಸರದಿಯಲ್ಲಿ ಹಂಚಿ ಮುಚ್ಚುವ ಸ್ಟೆಪ್-ಡೌನ್ ಸಾಕೇ, ಅವು ಪರಸ್ಪರ ಕೊಟ್ಟುಕೊಳ್ಳುವ ಸೇವೆಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವ ರೆಸಿಪ್ರೋಕಲ್ ಬೇಕೇ ಎಂಬ ಚರ್ಚೆ ಸಾಮಾನ್ಯವಾಗಿ 'ಸುಲಭ ಯಾವುದು, ನಿಖರ ಯಾವುದು' ಎಂಬಲ್ಲಿಗೆ ಮುಗಿದುಬಿಡುತ್ತದೆ. ಒಂದೇ ಅಂಕಿಗಳನ್ನು ಎರಡರಲ್ಲೂ ಹಾಕಿ ನೋಡಿದರೆ ಬೇರೆಯೇ ವಿಷಯ ಕಾಣುತ್ತದೆ. ಸ್ಟೆಪ್-ಡೌನ್‌ನಲ್ಲಿ ಯಾವ ವಿಭಾಗವನ್ನು ಮೊದಲು ಹಂಚುತ್ತೀರಿ ಎಂಬುದು ಉತ್ತರವನ್ನು ಅಲುಗಾಡಿಸುವಷ್ಟು ವಿಧಾನದ ಆಯ್ಕೆಯೂ ಅಲುಗಾಡಿಸದೇ ಇರಬಹುದು.

ಪರೀಕ್ಷೆಗೆ ಇಟ್ಟುಕೊಂಡ ಲೆಕ್ಕ ಇದು. ಸೇವಾ ವಿಭಾಗಗಳು ಎರಡು. ರಿಪೇರಿ ವಿಭಾಗದ ಸ್ವಂತ ವೆಚ್ಚ 2,50,000, ಪವರ್ ಹೌಸಿನದು 3,80,000. ಒಟ್ಟು 6,30,000. ಉತ್ಪಾದನಾ ವಿಭಾಗಗಳೂ ಎರಡು, ಮೆಷಿನಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟ್. ರಿಪೇರಿಯವರು ಕೊಡುವ 1,000 ಗಂಟೆಗಳಲ್ಲಿ 400 ಪವರ್ ಹೌಸಿಗೆ ಹೋಗುತ್ತವೆ, 450 ಮೆಷಿನಿಂಗ್‌ಗೆ, 150 ಹೀಟ್ ಟ್ರೀಟ್‌ಮೆಂಟ್‌ಗೆ. ಪವರ್ ಹೌಸ್ ಕೊಡುವ 2,00,000 ಯೂನಿಟ್‌ಗಳಲ್ಲಿ ರಿಪೇರಿಗೆ 20,000, ಮೆಷಿನಿಂಗ್‌ಗೆ 60,000, ಹೀಟ್ ಟ್ರೀಟ್‌ಮೆಂಟ್‌ಗೆ 1,20,000. ಅಂದರೆ ರಿಪೇರಿ ತನ್ನ ಸೇವೆಯ ಶೇ. 40ನ್ನು ಪವರ್ ಹೌಸಿಗೆ ಕೊಡುತ್ತದೆ. ಅಲ್ಲಿಂದ ರಿಪೇರಿಗೆ ಬರುವುದು ಶೇ. 10 ಮಾತ್ರ. ಪವರ್ ಹೌಸ್ ತಾನೇ ಉರಿಸಿಕೊಂಡ ದೀಪದ ಯೂನಿಟ್‌ಗಳನ್ನು ಮೊದಲೇ ತೆಗೆದಿದೆ. ಅವನ್ನು ಸೇರಿಸಿದರೂ ಬಿಟ್ಟರೂ ಉತ್ಪಾದನಾ ವಿಭಾಗಗಳಿಗೆ ಕೊನೆಗೆ ಬೀಳುವ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಬಿಡುವುದೇ ಕ್ಷೇಮ.

ಮೊದಲು ಸ್ಟೆಪ್-ಡೌನ್, ರಿಪೇರಿಯನ್ನು ಮೇಲಿನ ಮೆಟ್ಟಿಲಲ್ಲಿಟ್ಟು. ರಿಪೇರಿಯ 2,50,000ದಲ್ಲಿ 1,00,000 ಪವರ್ ಹೌಸಿಗೆ, 1,12,500 ಮೆಷಿನಿಂಗ್‌ಗೆ, 37,500 ಹೀಟ್ ಟ್ರೀಟ್‌ಮೆಂಟ್‌ಗೆ. ಅಲ್ಲಿಗೆ ರಿಪೇರಿಯ ಖಾತೆ ಮುಚ್ಚಿತು, ಮತ್ತೆ ತೆರೆಯುವ ಹಾಗಿಲ್ಲ. ಪವರ್ ಹೌಸಿನಲ್ಲಿ ಈಗ 4,80,000 ಇದೆ. ಇದನ್ನು ಹಂಚುವಾಗ ರಿಪೇರಿಯ 20,000 ಯೂನಿಟ್‌ಗಳನ್ನು ಛೇದದಿಂದ ಕಳೆದು, ಉಳಿದ 1,80,000 ಯೂನಿಟ್‌ಗಳ ಮೇಲೆ ಹಂಚಬೇಕು. ಮೆಷಿನಿಂಗ್‌ಗೆ 1,60,000, ಹೀಟ್ ಟ್ರೀಟ್‌ಮೆಂಟ್‌ಗೆ 3,20,000.

ಹೆಚ್ಚು ಜನ ಎಡವುವುದು ಇಲ್ಲೇ. ಹಳೆಯ ಶೇ. 30 ಮತ್ತು ಶೇ. 60 ಅನ್ನೇ 4,80,000ಕ್ಕೆ ಹಾಕಿಬಿಡುತ್ತಾರೆ. ಆಗ 48,000 ಯಾರ ತಲೆಗೂ ಬೀಳದೆ ಪವರ್ ಹೌಸಿನಲ್ಲೇ ಉಳಿಯುತ್ತದೆ. ಉತ್ಪಾದನಾ ವಿಭಾಗಗಳ ಮೊತ್ತ 6,30,000ಕ್ಕೆ ಸರಿಹೊಂದದೆ 5,82,000ಕ್ಕೆ ನಿಂತರೆ ತಪ್ಪು ಛೇದದಲ್ಲಿದೆ ಎಂದೇ ತಿಳಿಯಿರಿ.

ಈಗ ಅದೇ ಲೆಕ್ಕ, ಪವರ್ ಹೌಸ್ ಮೊದಲು. 3,80,000ದಲ್ಲಿ 38,000 ರಿಪೇರಿಗೆ, 1,14,000 ಮೆಷಿನಿಂಗ್‌ಗೆ, 2,28,000 ಹೀಟ್ ಟ್ರೀಟ್‌ಮೆಂಟ್‌ಗೆ. ರಿಪೇರಿಯಲ್ಲಿ 2,88,000 ಆಯಿತು. ಅದು 450ಕ್ಕೆ 150ರ ಲೆಕ್ಕದಲ್ಲಿ ಒಡೆದು 2,16,000 ಮತ್ತು 72,000.

ರೆಸಿಪ್ರೋಕಲ್ ವಿಧಾನದಲ್ಲಿ ಯಾವ ಖಾತೆಯನ್ನೂ ಮೊದಲೇ ಮುಚ್ಚುವುದಿಲ್ಲ. ರಿಪೇರಿಯ ಪೂರ್ಣ ವೆಚ್ಚವನ್ನು R, ಪವರ್ ಹೌಸಿನ ಪೂರ್ಣ ವೆಚ್ಚವನ್ನು P ಎಂದಿಟ್ಟುಕೊಂಡರೆ:

```
R = 250000 + 0.10 P
P = 380000 + 0.40 R
```

ಎರಡನೆಯದನ್ನು ಮೊದಲನೆಯದರಲ್ಲಿ ಹಾಕಿದರೆ 0.96 R = 2,88,000. ಹಾಗಾಗಿ R = 3,00,000, P = 5,00,000. ಮೆಷಿನಿಂಗ್‌ಗೆ 3,00,000ದ ಶೇ. 45 ಮತ್ತು 5,00,000ದ ಶೇ. 30, ಅಂದರೆ 1,35,000 + 1,50,000. ಹೀಟ್ ಟ್ರೀಟ್‌ಮೆಂಟ್‌ಗೆ ಶೇ. 15 ಮತ್ತು ಶೇ. 60, ಅಂದರೆ 45,000 + 3,00,000. ಇಲ್ಲಿ ಛೇದವನ್ನು ಮುಟ್ಟಬಾರದು, ಮೂಲ ಶೇಕಡಾವಾರನ್ನೇ ಬಳಸಬೇಕು.

| ವಿಧಾನ | ಮೆಷಿನಿಂಗ್ | ಹೀಟ್ ಟ್ರೀಟ್‌ಮೆಂಟ್ |
|---|---|---|
| ಸ್ಟೆಪ್-ಡೌನ್, ರಿಪೇರಿ ಮೊದಲು | 2,72,500 | 3,57,500 |
| ಸ್ಟೆಪ್-ಡೌನ್, ಪವರ್ ಹೌಸ್ ಮೊದಲು | 3,30,000 | 3,00,000 |
| ರೆಸಿಪ್ರೋಕಲ್ | 2,85,000 | 3,45,000 |

ರಿಪೇರಿಯನ್ನು ಮೊದಲಿಟ್ಟ ಸ್ಟೆಪ್-ಡೌನ್ ರೆಸಿಪ್ರೋಕಲ್‌ಗಿಂತ 12,500 ಆಚೀಚೆ. ಪವರ್ ಹೌಸನ್ನು ಮೊದಲಿಟ್ಟದ್ದು 45,000 ಆಚೀಚೆ, ಅದೂ ಎದುರು ದಿಕ್ಕಿಗೆ. ಮೆಷಿನಿಂಗ್ 10,000 ಯಂತ್ರ-ಗಂಟೆ ಓಡುತ್ತದೆ ಎಂದುಕೊಂಡರೆ ಗಂಟೆಯ ದರ 28.50 ಇರಬೇಕಾದದ್ದು ಒಂದರಲ್ಲಿ 27.25, ಇನ್ನೊಂದರಲ್ಲಿ 33.00. ಎರಡಕ್ಕೂ ಹೆಸರು ಸ್ಟೆಪ್-ಡೌನೇ!

ಯಾವುದನ್ನು ಮೊದಲಿಡಬೇಕು ಎಂಬುದಕ್ಕೆ ಚಾಲ್ತಿಯಲ್ಲಿರುವ ನಿಯಮಗಳು ಒಂದಕ್ಕಿಂತ ಹೆಚ್ಚು. ಬೇರೆ ಸೇವಾ ವಿಭಾಗಗಳಿಗೆ ಹೆಚ್ಚು ಶೇಕಡಾ ಸೇವೆ ಕೊಡುವುದು ಮೊದಲು ಎಂಬುದು ಒಂದು. ಸ್ವಂತ ವೆಚ್ಚ ಹೆಚ್ಚಿರುವುದು ಮೊದಲು ಎಂಬುದು ಇನ್ನೊಂದು. ಈ ಲೆಕ್ಕದಲ್ಲಿ ಮೊದಲ ನಿಯಮ ರಿಪೇರಿಯನ್ನು ಆರಿಸುತ್ತದೆ, ಎರಡನೆಯದು ಪವರ್ ಹೌಸನ್ನು. ಎರಡನೆಯದನ್ನು ನೆಚ್ಚುವುದು ತರವಲ್ಲ. ಸ್ವಂತ ವೆಚ್ಚ ಎಷ್ಟಿದ್ದರೇನು, ಮುಚ್ಚಿದ ಖಾತೆಗೆ ವಾಪಸ್ ಬರಬೇಕಿದ್ದು ಬಾರದೇ ಹೋದ ಮೊತ್ತವಲ್ಲವೇ ಕೆಡಿಸುವುದು? ರಿಪೇರಿ ಮೊದಲಿದ್ದಾಗ ಹಾಗೆ ಕೈಬಿಟ್ಟದ್ದು 4,80,000ದ ಶೇ. 10, ಅಂದರೆ 48,000. ಪವರ್ ಹೌಸ್ ಮೊದಲಿದ್ದಾಗ 2,88,000ದ ಶೇ. 40, ಅಂದರೆ 1,15,200. ಎರಡೂ ಸರದಿಗೆ ಈ ಒಂದು ಗುಣಾಕಾರ ಮಾಡಿ, ಕಡಿಮೆ ಬಂದ ಸರದಿಯನ್ನು ಹಿಡಿದರೆ ಸಾಮಾನ್ಯವಾಗಿ ಸಾಕು.

ಕೈಬಿಟ್ಟ ಮೊತ್ತ ಎಷ್ಟು ಹಾನಿ ಮಾಡುತ್ತದೆ ಎಂಬುದು ಇನ್ನೊಂದು ಸಂಗತಿಯ ಮೇಲೂ ನಿಂತಿದೆ. ಇಲ್ಲಿ ರಿಪೇರಿಯನ್ನು ಎರಡು ಉತ್ಪಾದನಾ ವಿಭಾಗಗಳು 3:1ರಲ್ಲಿ ಬಳಸುತ್ತವೆ, ವಿದ್ಯುತ್ತನ್ನು 1:2ರಲ್ಲಿ. ರಿಪೇರಿಗೆ ಮರಳಿ 3:1ರಲ್ಲಿ ಇಳಿಯಬೇಕಿದ್ದ ಹಣ ನೇರವಾಗಿ 1:2ರಲ್ಲಿ ಇಳಿದದ್ದರಿಂದಲೇ ಮೆಷಿನಿಂಗ್‌ಗೆ 12,500 ಕಡಿಮೆ ಬಿತ್ತು. ಎರಡೂ ಸೇವೆಗಳನ್ನು ಉತ್ಪಾದನಾ ವಿಭಾಗಗಳು ಒಂದೇ ಅನುಪಾತದಲ್ಲಿ ಬಳಸುತ್ತಿದ್ದರೆ ಎಲ್ಲ ವಿಧಾನಗಳೂ ಒಂದೇ ಉತ್ತರ ಕೊಡುತ್ತವೆ. ಹಾಗೆಯೇ ಸೇವೆ ಒಂದೇ ದಿಕ್ಕಿಗೆ ಹರಿಯುತ್ತಿದ್ದು, ಕೊಡುವ ವಿಭಾಗವನ್ನು ಮೊದಲಿಟ್ಟಿದ್ದರೆ, ಸ್ಟೆಪ್-ಡೌನ್ ಮತ್ತು ರೆಸಿಪ್ರೋಕಲ್ ನಡುವೆ ನಯಾಪೈಸೆ ವ್ಯತ್ಯಾಸ ಇರುವುದಿಲ್ಲ. ಇಂಥ ಕಡೆ ಸಮೀಕರಣ ಬಿಡಿಸುವುದು ಬರೀ ದಂಡ.

ಇನ್ನು ರೆಸಿಪ್ರೋಕಲ್‌ನ ತೊಡಕುಗಳು. ಮೊದಲ ಸಲ ನೋಡಿದವರು ಕೇಳುವುದು, ಹಂಚಬೇಕಿದ್ದದ್ದು 6,30,000 ಆಗಿರುವಾಗ R ಮತ್ತು P ಕೂಡಿಸಿದರೆ 8,00,000 ಹೇಗೆ ಬಂತು ಎಂದು. ಹೆಚ್ಚುವರಿ 1,70,000 ಎಂಬುದು ಎರಡು ಸೇವಾ ವಿಭಾಗಗಳು ಪರಸ್ಪರ ದಾಟಿಸಿಕೊಂಡ 1,20,000 ಮತ್ತು 50,000. ಒಂದೇ ಹಣ ಎರಡು ಕಡೆ ಎಣಿಕೆಯಾಗಿದೆ, ಅಷ್ಟೇ. ಇದಕ್ಕೆ ಹೆದರಿ ಸ್ಟೆಪ್-ಡೌನ್‌ನಲ್ಲಿ ಮಾಡಿದ ಹಾಗೆ ಛೇದ ಚಿಕ್ಕದು ಮಾಡಿದರೆ ಉತ್ಪಾದನಾ ವಿಭಾಗಗಳ ಮೇಲೆ ಪೂರ್ತಿ 8,00,000 ಹೇರಿದಂತಾಗುತ್ತದೆ.

ಸೇವಾ ವಿಭಾಗ ಮೂರಕ್ಕಿಂತ ಹೆಚ್ಚಿದ್ದರೆ ಕೈಲೆಕ್ಕ ಬಿಟ್ಟು ಶೀಟಿನಲ್ಲಿ ಮ್ಯಾಟ್ರಿಕ್ಸ್ ಹಾಕುವುದು ಒಳ್ಳೆಯದು. ಸೇವಾ ವಿಭಾಗಗಳ ಪರಸ್ಪರ ಪಾಲು B2:C3ರಲ್ಲಿ, ಸ್ವಂತ ವೆಚ್ಚ D2:D3ರಲ್ಲಿ ಇದ್ದರೆ:

```
=MMULT(MINVERSE(MUNIT(2)-B2:C3), D2:D3)
```

ಅಡ್ಡ ಸಾಲು ಸೇವೆ ಪಡೆಯುವ ವಿಭಾಗ, ಕಂಬ ಕೊಡುವ ವಿಭಾಗ. ರಿಪೇರಿಯ ಸಾಲಿನಲ್ಲಿ 0 ಮತ್ತು 0.10, ಪವರ್ ಹೌಸಿನ ಸಾಲಿನಲ್ಲಿ 0.40 ಮತ್ತು 0. ಇದನ್ನು ಅದಲುಬದಲು ಮಾಡಿದರೆ ಆಗುವ ತಪ್ಪು ಬಹಳ ಕಪಟದ್ದು. R 4,18,750 ಆಗುತ್ತದೆ, P 4,21,875. ಮೂಲ ಶೇಕಡಾವಾರಿನಲ್ಲಿ ಹಂಚಿದರೆ ಮೆಷಿನಿಂಗ್‌ಗೆ 3,15,000, ಹೀಟ್ ಟ್ರೀಟ್‌ಮೆಂಟ್‌ಗೆ 3,15,937.50. ಒಟ್ಟು 6,30,937.50. ವ್ಯತ್ಯಾಸ 937.50 ಮಾತ್ರ ಕಂಡು 'ರೌಂಡಿಂಗ್ ಇರಬೇಕು' ಎಂದು ಬಿಟ್ಟುಬಿಡುತ್ತಾರೆ. ಒಳಗೆ ಮೆಷಿನಿಂಗ್ 30,000 ಹೆಚ್ಚು ಹೊತ್ತಿರುತ್ತದೆ. ಸರಿಯಾಗಿ ಬಿಡಿಸಿದ ರೆಸಿಪ್ರೋಕಲ್ ಪೈಸೆಗೆ ಪೈಸೆ ಕೂಡಬೇಕು. ನೂರಿನ್ನೂರು ಆಚೀಚೆಯಾದರೂ ರೌಂಡಿಂಗ್ ಎನ್ನುವ ಮೊದಲು ಸಾಲು-ಕಂಬ ನೋಡಿ.

ಸಮೀಕರಣ ಬೇಡ ಎನ್ನುವವರು ಸುತ್ತು ಹಂಚಿಕೆ ಮಾಡಬಹುದು. ರಿಪೇರಿಯ 2,50,000ವನ್ನು ಹಂಚಿ, ಪವರ್ ಹೌಸಿನ 4,80,000ವನ್ನು ಹಂಚಿದಾಗ ರಿಪೇರಿಗೆ 48,000 ಮರಳುತ್ತದೆ. ಇನ್ನೊಂದು ಸುತ್ತಿಗೆ 1,920, ಮತ್ತೊಂದಕ್ಕೆ 76.80. ಪ್ರತಿ ಸುತ್ತಿಗೂ ಶೇ. 4ಕ್ಕೆ ಇಳಿಯುವುದರಿಂದ ನಾಲ್ಕೈದು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ, ಉತ್ತರ ಸಮೀಕರಣದ್ದೇ. ಈ ಶೇ. 4 ಎಂದರೆ 0.40 × 0.10, ಬೇರೇನಲ್ಲ.

ಹಂಚಿಕೆಗಷ್ಟೇ ಆದರೆ, ಸರದಿ ಸರಿಯಿಟ್ಟ ಸ್ಟೆಪ್-ಡೌನ್ ಬಹಳ ಕಡೆ ನಡೆದುಹೋಗುತ್ತದೆ. ಹೊರಗಿಂದ ಕೊಳ್ಳೋಣವೇ ಎಂಬ ಪ್ರಶ್ನೆ ಬಂದಾಗ ಅದು ಕೈಕೊಡುತ್ತದೆ. ಪವರ್ ಹೌಸ್ ಮುಚ್ಚಿದರೆ ಯೂನಿಟ್‌ಗೆ ಎಷ್ಟರವರೆಗೆ ಕೊಡಬಹುದು? ಎಲ್ಲ ವೆಚ್ಚವೂ ಬಳಕೆಗೆ ತಕ್ಕಂತೆ ಏರಿಳಿಯುವುದಾದರೆ, ಉಳಿತಾಯ ಪವರ್ ಹೌಸಿನ 3,80,000 ಮತ್ತು ಅದಕ್ಕೆ ಬೇಡವಾದ ರಿಪೇರಿಯ ಶೇ. 40, ಅಂದರೆ 1,00,000. ಒಟ್ಟು 4,80,000. ಕೊಳ್ಳಬೇಕಾದದ್ದು 2,00,000 ಯೂನಿಟ್ ಅಲ್ಲ. ರಿಪೇರಿಯ ಕೆಲಸವೇ ಶೇ. 40 ಕುಗ್ಗುವುದರಿಂದ ಅದಕ್ಕೆ ಬೇಕಾದ ಯೂನಿಟ್ 20,000ದಿಂದ 12,000ಕ್ಕೆ ಇಳಿದು, ಒಟ್ಟು 1,92,000 ಸಾಕು. ಭಾಗಿಸಿದರೆ 2.50. ರೆಸಿಪ್ರೋಕಲ್‌ನ P ಆದ 5,00,000ವನ್ನು 2,00,000ದಿಂದ ಭಾಗಿಸಿದರೂ ನೇರವಾಗಿ ಅದೇ 2.50. ಸ್ಟೆಪ್-ಡೌನ್‌ನಲ್ಲಿ ರಿಪೇರಿ ಮೊದಲಿದ್ದರೆ 2.67, ಪವರ್ ಹೌಸ್ ಮೊದಲಿದ್ದರೆ 1.90. ಹೊರಗಿನ ದರ 2.60 ಇದ್ದರೆ ಮೊದಲನೆಯದು ಕೊಳ್ಳಿ ಎನ್ನುತ್ತದೆ, ನಷ್ಟವಾಗುತ್ತದೆ, 2.20 ಇದ್ದರೆ ಎರಡನೆಯದು ಬೇಡ ಎನ್ನುತ್ತದೆ, ಲಾಭ ಕೈತಪ್ಪುತ್ತದೆ.

ಆದರೆ 2.50 ನಿಲ್ಲುವುದು ವೆಚ್ಚವೆಲ್ಲ ಚರವಾಗಿದ್ದರೆ ಮಾತ್ರ. ಪವರ್ ಹೌಸಿನ 3,80,000ದಲ್ಲಿ 96,000 ಯಂತ್ರಗಳ ಸವಕಳಿ ಎಂದಿಟ್ಟುಕೊಳ್ಳಿ. ಮುಚ್ಚಿದರೂ ಅದು ಹೋಗುವುದಿಲ್ಲ. ಅದನ್ನು ಕಳೆದು 2,84,000 ಹಾಕಿ ಸಮೀಕರಣವನ್ನು ಮತ್ತೆ ಬಿಡಿಸಿದರೆ P 4,00,000ಕ್ಕೆ ಇಳಿಯುತ್ತದೆ, ಯೂನಿಟ್‌ಗೆ ಕೊಡಬಹುದಾದ ದರ 2.00ಕ್ಕೆ. ಹಂಚಿಕೆಗೆ ಮಾಡಿದ ಶೀಟನ್ನೇ ಈ ನಿರ್ಧಾರಕ್ಕೂ ಎತ್ತಿಕೊಂಡವರು 2.20ಕ್ಕೆ ಒಪ್ಪಂದ ಮಾಡಿಕೊಂಡರೆ, ಪ್ರತಿ ಯೂನಿಟ್‌ಗೂ 20 ಪೈಸೆ ಕೈಯಿಂದ ಹೋಗುತ್ತದೆ.