ಎಂಜಿನಿಯರ್‌ಗಳ ಪಿಪಿಟಿ ಆಡಳಿತ ಮಂಡಳಿಯ ಮುಂದೆ: ನಾನು ಮಾಡಿ ನೋಡಿದ ಮೂರು ದಾರಿ

ಶಿರಸಿಯ ಒಂದು ಅಡಿಕೆ ಸಹಕಾರಿ ಸಂಘದ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಬಿಲ್ಲಿಂಗ್ ಸರ್ವರ್ ಹಳೆಯದಾಗಿತ್ತು. ಹೊಸದೊಂದು ಮತ್ತು ಅದು ಕೈಕೊಟ್ಟರೆ ಕೆಲಸ ಹಿಡಿಯಲು ಇನ್ನೊಂದು, ಹೀಗೆ ಎರಡು ಬೇಕು ಅಂತ ನಮ್ಮ ಎಂಜಿನಿಯರ್‌ಗಳು 28 ಸ್ಲೈಡ್ ಮಾಡಿದ್ದರು. ಅದನ್ನು ನಿರ್ದೇಶಕರ ಸಭೆಗೆ ತಕ್ಕ ಹಾಗೆ ಬರೆಯುವುದು ನನ್ನ ಪಾಲಿಗೆ ಬಂತು. ನಿರ್ದೇಶಕರೆಲ್ಲ ತೋಟ ಇರುವವರು, ಲೆಕ್ಕದಲ್ಲಿ ಗಟ್ಟಿಗರು. ಸರ್ವರ್ ಮಾತ್ರ ಅವರ ವಿಷಯ ಅಲ್ಲ.

ಮೊದಲು ಮಾಡಿದ್ದು ಕತ್ತರಿ ಪ್ರಯೋಗ. ತಾಂತ್ರಿಕ ಸ್ಲೈಡ್ ತೆಗೆದು 28ನ್ನು 11ಕ್ಕೆ ಇಳಿಸಿದೆ. ಎರಡು ಗಂಟೆಯ ಕೆಲಸ. ಹಿಂದೆ ಬೇರೆ ಸಂಘದಲ್ಲಿ ನಿರ್ದೇಶಕರಾಗಿದ್ದ ನಮ್ಮ ದೊಡ್ಡಪ್ಪನಿಗೆ ತೋರಿಸಿದೆ. ಮೂರನೇ ಸ್ಲೈಡಿನಲ್ಲಿ ‘ಕಳೆದ ವರ್ಷ ಸರ್ವರ್ ನಡೆದದ್ದು ಶೇ. 99’ ಅಂತ ಇತ್ತು. ಎಂಜಿನಿಯರ್ ಕಣ್ಣಿಗೆ ಅದು ಕಳಪೆ ಅಂಕಿ. ದೊಡ್ಡಪ್ಪ ಓದಿ, “ನೂರಕ್ಕೆ ತೊಂಬತ್ತೊಂಬತ್ತು ಬಂದಿದೆಯಲ್ಲೋ ತಮಾ, ಮತ್ತೆ ಹೊಸದು ಯಾಕೆ?” ಅಂದರು. ಅಂಕಿ ಸರಿಯೇ ಇತ್ತು, ಅರ್ಥ ಮಾತ್ರ ತಿರುಗಿ ಬಿದ್ದಿತ್ತು. ಅದನ್ನು ವಿವರಿಸುತ್ತಿದ್ದ ಸ್ಲೈಡನ್ನು ನಾನೇ ತೆಗೆದಿದ್ದೆ.

ಎರಡನೆಯದು, ಕ್ರಮ ಹಾಗೇ ಇಟ್ಟು ಮಾತು ಸುಲಭ ಮಾಡುವುದು. ಒಂದು ದಿನ ಹಿಡಿಯಿತು. ಎರಡನೇ ಸರ್ವರ್ ಅಂದರೆ ತೋಟದಲ್ಲಿ ಇನ್ನೊಂದು ಪಂಪ್‌ಸೆಟ್ ಇಟ್ಟ ಹಾಗೆ ಅಂತ ಬರೆದೆ. ಚೆನ್ನಾಗಿದೆ ಅನಿಸಿತ್ತು. ಆದರೆ ದೊಡ್ಡಪ್ಪ, “ಹಾಗಾದರೆ ಮೊದಲನೆಯದು ಕೆಟ್ಟಾಗ ತಂದರಾಯ್ತು, ಅಲ್ವಾ?” ಅಂತ ಕೇಳಿದರು. ಪಂಪ್‌ಸೆಟ್ ಸುಮ್ನೆ ಶೆಡ್ಡಿನಲ್ಲಿ ಬಿದ್ದಿದ್ದರೂ ನಡೆಯುತ್ತದೆ. ಸರ್ವರ್ ಹಾಗಲ್ಲ. ಪ್ರತಿ ಬಿಲ್ ಆಗಿಂದಾಗ ಎರಡರಲ್ಲೂ ದಾಖಲಾಗಬೇಕು. ಇಲ್ಲದಿದ್ದರೆ ಎರಡನೆಯದು ಇದ್ದೂ ಉಪಯೋಗ ಇಲ್ಲ. ಹೋಲಿಕೆ ಎಲ್ಲಿ ಮುರಿಯುತ್ತದೋ, ಕೇಳುವವರ ಪ್ರಶ್ನೆ ನೇರ ಅಲ್ಲಿಗೇ ಬರುತ್ತದೆ. ಇನ್ನೊಂದು ತೊಂದರೆ: 19 ಸ್ಲೈಡ್ ದಾಟುವವರೆಗೂ ದುಡ್ಡಿನ ಮಾತೇ ಇರಲಿಲ್ಲ.

ಮೂರನೇ ಸಲ ಹಳೆಯ ಫೈಲ್ ಮುಚ್ಚಿಟ್ಟು, ಸಭೆಯ ನಡಾವಳಿಯಲ್ಲಿ ಕೊನೆಗೆ ಯಾವ ಠರಾವು ಬರಬೇಕೋ ಆ ಒಂದು ವಾಕ್ಯವನ್ನು ಮೊದಲು ಬರೆದೆ: ‘ಚಾಲಿ ಅಡಿಕೆಯ ಸೀಸನ್ ಶುರುವಾಗುವ ಮೊದಲು ಎರಡು ಸರ್ವರ್ ಖರೀದಿಗೆ ಮಂಜೂರಾತಿ ನೀಡಲಾಯಿತು.’ ಅದಕ್ಕೆ ಹೂಂ ಅನ್ನುವ ಮೊದಲು ನಿರ್ದೇಶಕರು ಕೇಳುವುದು ನಾಲ್ಕೇ ಪ್ರಶ್ನೆ. ಈಗಲೇ ಯಾಕೆ, ಎಷ್ಟು ಖರ್ಚು, ಬೇರೆ ದಾರಿ ಇದೆಯಾ, ಇಷ್ಟು ಮಾಡಿದರೂ ಏನು ಕೈಕೊಡಬಹುದು. ಠರಾವಿಗೊಂದು, ಪ್ರಶ್ನೆಗೊಂದು, ಒಟ್ಟು ಐದು ಸ್ಲೈಡ್. ಹಳೆಯ 28 ಅನುಬಂಧಕ್ಕೆ ಹೋಯಿತು.

ಜಾಸ್ತಿ ಹೊತ್ತು ತಿಂದದ್ದು ಆ ಶೇ. 99. ವರ್ಷಕ್ಕೆ 8,760 ಗಂಟೆ, ಅದರ ಶೇ. 1 ಅಂದರೆ ಸುಮಾರು 88 ಗಂಟೆ. ಸರ್ವರ್ ನಿಂತ ಹೊತ್ತು ದಾಖಲಾಗಿದ್ದ ಲಾಗ್ ಫೈಲನ್ನು ಅಡಿಕೆ ಮಾರಾಟದ ಟೆಂಡರ್ ದಿನಗಳ ಪಕ್ಕ ಇಟ್ಟು ನೋಡಿದೆ. ಅರ್ಧಕ್ಕಿಂತ ಜಾಸ್ತಿ ರಾತ್ರಿ ನಿಂತದ್ದು, ಯಾರಿಗೂ ತೊಂದರೆ ಇಲ್ಲ. ಉಳಿದದ್ದು 9 ಟೆಂಡರ್ ದಿನಗಳ ಮೇಲೆ ಬಿದ್ದಿತ್ತು. ಸ್ಲೈಡಿನ ತಲೆಬರಹ ಹೀಗಾಯಿತು: ‘ಕಳೆದ ವರ್ಷ 9 ಟೆಂಡರ್ ದಿನ ಸದಸ್ಯರಿಗೆ ಹೊತ್ತಿಗೆ ಸರಿಯಾಗಿ ಬಿಲ್ ಕೊಡಲಾಗಲಿಲ್ಲ.’ ದೊಡ್ಡಪ್ಪ ಈ ಸಲ ಓದಿ ಸುಮ್ಮನೆ ತಲೆಯಾಡಿಸಿದರು. ಖರ್ಚೂ ಅಷ್ಟೇ. ನಾಲ್ಕು ಕಡೆ ಚದುರಿದ್ದ ಬೆಲೆಗಳನ್ನು ಜಿಎಸ್‌ಟಿ ಸೇರಿಸಿ ಒಂದೇ ಸಾಲಿಗೆ ತಂದೆ: ಈಗ 9.5 ಲಕ್ಷ, ನಿರ್ವಹಣೆಗೆ ವರ್ಷಕ್ಕೆ 1.2 ಲಕ್ಷ, ಐದು ವರ್ಷಕ್ಕೆ ಒಟ್ಟು 15.5 ಲಕ್ಷ.

ಈ ದಾರಿಯಲ್ಲೂ ಅಪಾಯ ಇದೆ. ‘ಒಂದು ನಿಂತರೆ 15 ನಿಮಿಷದಲ್ಲಿ ಬಿಲ್ಲಿಂಗ್ ಮತ್ತೆ ಶುರು’ ಅಂತ ಬರೆದಿದ್ದೆ. ಎಂಜಿನಿಯರ್ ತಡೆದರು. “ತಿಂಗಳಿಗೊಮ್ಮೆ ಬದಲಾಯಿಸಿ ಪರೀಕ್ಷೆ ಮಾಡಿದರೆ ಮಾತ್ರ ಸಾರ್. ಎರಡೂ ಒಂದೇ ಕಟ್ಟಡದಲ್ಲಿ ಇರುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಶಾಖೆಗಳ ಬಿಲ್ಲಿಂಗ್ ಹೇಗೂ ನಿಲ್ಲುತ್ತದೆ.” ಚಿಕ್ಕದು ಮಾಡುವಾಗ ಮೊದಲು ಬಿದ್ದು ಹೋಗುವುದು ಇಂಥ ‘ಆದರೆ’ಗಳೇ. ಅಂದಿನಿಂದ ಪ್ರತಿ ವಾಕ್ಯದ ಪಕ್ಕ ಮೂಲ ಸ್ಲೈಡಿನ ನಂಬರ್ ಹಾಕಿ, ಎಂಜಿನಿಯರ್ ಎದುರು ಕೂತು ಗಟ್ಟಿಯಾಗಿ ಓದುತ್ತೇನೆ. ಅದೂ ಸೇರಿ ಎರಡೂವರೆ ದಿನ ಬೇಕಾಯಿತು.

ಹೊಸ ಮಂಜೂರಾತಿಗೆ ನನ್ನ ಆಯ್ಕೆ ಮೂರನೆಯದೇ. ಮಂಜೂರಾದ ಕೆಲಸದ ಪ್ರಗತಿ ವರದಿಗೆ ಕತ್ತರಿ ಸಾಕು, ಹಿನ್ನೆಲೆ ಅವರಿಗೆ ಗೊತ್ತಿರುತ್ತದೆ. ಮಾತು ಸುಲಭ ಮಾಡಿದ ಎರಡನೆಯದನ್ನು ಪಂಪ್‌ಸೆಟ್ ತೆಗೆದು ಶಾಖಾ ವ್ಯವಸ್ಥಾಪಕರಿಗೆ ಕೊಟ್ಟೆ. ದಿನಾ ಸರ್ವರ್ ಬಳಸುವವರು ಅವರು, ಅವರಿಗೆ ಪೂರ್ತಿ ಕ್ರಮವೇ ಬೇಕು.

ಸಭೆಯಲ್ಲಿ ಖರ್ಚಿನ ಸ್ಲೈಡ್ ಬೇಗ ಮುಗಿಯಿತು. ಹೆಚ್ಚು ಹೊತ್ತು ನಿಂತದ್ದು ಕೊನೆಯದರ ಮೇಲೆ. ಹಿರಿಯ ನಿರ್ದೇಶಕರೊಬ್ಬರು, “ನಮ್ಮ ಎದುರೇ ಒಂದನ್ನು ಬಂದ್ ಮಾಡಿ ತೋರಿಸಿ, ಆಮೇಲೆ ಬಾಕಿ ಹಣ ಕೊಡೋಣ” ಅಂದರು. ಠರಾವಿಗೆ ಆ ಸಾಲೂ ಸೇರಿತು.