ಸವಳು ನೀರಿಗೆ ಸೋಲಾರ್ ಸ್ಟಿಲ್: ತೆಳು ನೀರು, ಆಳದ ನೀರು, ಒದ್ದೆ ಬಟ್ಟೆ, ಯಾವುದರಲ್ಲಿ ಎಷ್ಟು ಸಿಕ್ಕಿತು?

ಸೋಲಾರ್ ಸ್ಟಿಲ್ ಅಂದರೆ ಬಿಸಿಲಿನಲ್ಲೇ ನೀರನ್ನು ಬಟ್ಟಿ ಇಳಿಸುವ ಪೆಟ್ಟಿಗೆ. ಕೆಳಗೆ ಕಪ್ಪು ತೊಟ್ಟಿ, ಮೇಲೆ ಓರೆಯಾಗಿ ಕೂರಿಸಿದ ಗಾಜು. ತೊಟ್ಟಿಯ ಉಪ್ಪುನೀರು ಕಾದು ಆವಿಯಾಗುತ್ತದೆ, ಗಾಜಿನ ಒಳಮೈಗೆ ತಾಗಿ ಮತ್ತೆ ನೀರಾಗುತ್ತದೆ, ಜಾರಿ ಕೆಳಅಂಚಿನ ಸಣ್ಣ ಕಾಲುವೆಗೆ ಬೀಳುತ್ತದೆ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಇಷ್ಟು ಸರಳ. ಆದರೆ ತೊಟ್ಟಿಯನ್ನು ಹೇಗೆ ಮಾಡಬೇಕು ಅನ್ನುವುದರಲ್ಲಿ ಅಭಿಪ್ರಾಯ ಬೇರೆ ಬೇರೆ ಇದೆ. ಅದಕ್ಕೇ ಮೂರು ಬಗೆಯನ್ನು ಪಕ್ಕಪಕ್ಕದಲ್ಲಿ ಇಟ್ಟು ಅಳೆದು ನೋಡಿದೆ.

ಮೂರಕ್ಕೂ ತೊಟ್ಟಿಯ ಅಳತೆ ಒಂದೇ: ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಗಾಜು ಒಂದೇ ದಪ್ಪದ್ದು, ಸುಮಾರು 15 ಡಿಗ್ರಿ ಇಳಿಜಾರು. ಇದಕ್ಕಿಂತ ತೀರಾ ಚಪ್ಪಟೆಯಾಗಿ ಇಟ್ಟರೆ ಹನಿ ಜಾರುವ ಬದಲು ಅಲ್ಲೇ ದಪ್ಪವಾಗಿ ತೊಟ್ಟಿಗೇ ಬೀಳುತ್ತದೆ. ಶಾಖ ಕೆಳಗೆ ಸೋರದಿರಲಿ ಅಂತ ತಳಕ್ಕೆ ಗ್ಲಾಸ್ ವೂಲ್ ಹಾಕಿದ್ದೆ. ಥರ್ಮೋಕೋಲ್ ಅಗ್ಗ, ನಿಜ. ಆದರೆ ನೀರು ಮುಗಿದ ತೊಟ್ಟಿ ಬಿಸಿಲಿಗೆ ಸಿಕ್ಕರೆ ಥರ್ಮೋಕೋಲ್ ಮೆತ್ತಗಾಗಿ ಕುಗ್ಗುವಷ್ಟು ಕಾಯುತ್ತದೆ.

ಮೊದಲನೆಯದರಲ್ಲಿ 2 ಸೆಂಟಿಮೀಟರ್ ನೀರು, ಅಂದರೆ 10 ಲೀಟರ್. ಎರಡನೆಯದರಲ್ಲಿ 8 ಸೆಂಟಿಮೀಟರ್, 40 ಲೀಟರ್. ಮೂರನೆಯದರಲ್ಲಿ ನೀರು ನಿಲ್ಲುವುದೇ ಇಲ್ಲ. ಗಾಜಿನಷ್ಟೇ ಓರೆಯಾದ ಹಲಗೆಯ ಮೇಲೆ ಕಪ್ಪು ಹತ್ತಿ ಬಟ್ಟೆ ಹಾಸಿ, ಮೇಲಂಚಿನಿಂದ ಹನಿಹನಿಯಾಗಿ ನೀರು ಬಿಟ್ಟಿದ್ದೆ. ಮೂರಕ್ಕೂ ಬಳಸಿದ್ದು ಸವಳು ನೀರು. ಅದರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ, ಸುಮಾರು 3,000 ಪಿಪಿಎಂ, ಲೀಟರಿಗೆ 3 ಗ್ರಾಂನಷ್ಟು.

ಅಳೆಯುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಗೆಲ್ಲೋದು ಯಾರು ಅನ್ನೋದು ಅದರ ಮೇಲೂ ನಿಂತಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತ್ರ ಅಳೆದರೆ ಆಳದ ತೊಟ್ಟಿಗೆ ಅನ್ಯಾಯ ಆಗುತ್ತದೆ. ಅದು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ನೀರು ಕೊಡುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನ ಅಂತ ಲೆಕ್ಕ ಇಟ್ಟೆ. ನೀರನ್ನು ಕಿರುಬಾಯಿಯ ಬಾಟಲಿಗೆ ಹಿಡಿದು ತೂಕ ಮಾಡಿದೆ. ಪಾತ್ರೆಯ ಬಾಯಿ ತೆರೆದಿದ್ದರೆ ಹಿಡಿದ ನೀರೇ ಆರಿಹೋಗುತ್ತದೆ. ಪೆಟ್ಟಿಗೆಗಳ ಜಾಗವನ್ನೂ ಆಗಾಗ ಅದಲುಬದಲು ಮಾಡಿದೆ. ಒಂದಕ್ಕೆ ಗಾಳಿ ಜಾಸ್ತಿ, ಇನ್ನೊಂದಕ್ಕೆ ಸಂಜೆಯ ನೆರಳು ಬೇಗ ಅಂತ ಆಗಬಾರದು ಅಲ್ವಾ?

ಮೋಡವಿಲ್ಲದ ಒಂದು ದಿನದ ಲೆಕ್ಕ ನೋಡಿ. ಅವತ್ತು ಚದರ ಮೀಟರಿಗೆ ಬಿದ್ದ ಬಿಸಿಲು 5.5 ಯೂನಿಟ್, ಅಂದರೆ ಸುಮಾರು 20 ಮೆಗಾಜೂಲ್. ನಮ್ಮದು ಅರ್ಧ ಚದರ ಮೀಟರ್, ಹಾಗಾಗಿ 10 ಮೆಗಾಜೂಲ್. ಒಂದು ಲೀಟರ್ ಬಿಸಿನೀರು ಆವಿಯಾಗಲು ಹತ್ತಿರ ಹತ್ತಿರ 2.35 ಮೆಗಾಜೂಲ್ ಬೇಕು. ಒಂದಿಷ್ಟೂ ಶಾಖ ಪೋಲಾಗದಿದ್ದರೆ 4.25 ಲೀಟರ್ ಬರಬೇಕಿತ್ತು. ಬಂದದ್ದು ತೆಳು ನೀರಿನ ತೊಟ್ಟಿಯಲ್ಲಿ 1.5 ಲೀಟರ್, ಆಳದ್ದರಲ್ಲಿ 1.15, ಬಟ್ಟೆಯದರಲ್ಲಿ 1.75. ತೆಳು ತೊಟ್ಟಿಯ ದಕ್ಷತೆ ಶೇಕಡ 35ರಷ್ಟು ಆಯಿತು. ಇಂಥ ಸರಳ ಪೆಟ್ಟಿಗೆಗೆ ಇದು ಒಳ್ಳೆಯದೇ. ಚದರ ಮೀಟರಿಗೆ ದಿನಕ್ಕೆ ಹತ್ತು ಲೀಟರ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ಮೇಲಿನ ಲೆಕ್ಕ ಹಾಕಿ ನೋಡಿ. ಶಾಖವನ್ನು ಒಂದೇ ಸಲ ಬಳಸುವ ಪೆಟ್ಟಿಗೆಯಲ್ಲಿ, ಅವತ್ತಿನ ಬಿಸಿಲಿಗೆ ಅದು ಸಾಧ್ಯವೇ ಇಲ್ಲ.

ಆಳದ ತೊಟ್ಟಿ ಯಾಕೆ ಹಿಂದೆ ಬಿತ್ತು? 40 ಲೀಟರ್ ನೀರನ್ನು 28 ಡಿಗ್ರಿಯಿಂದ 52 ಡಿಗ್ರಿಗೆ ಏರಿಸಲು 4 ಮೆಗಾಜೂಲ್ ಬೇಕು. 10 ಲೀಟರನ್ನು 68 ಡಿಗ್ರಿಗೆ ಏರಿಸಲು 1.7 ಸಾಕು. ಆ ಶಾಖ ಹಾಳಾಗುವುದಿಲ್ಲ, ರಾತ್ರಿ ವಾಪಸ್ ಬರುತ್ತದೆ ಅನ್ನುವವರಿದ್ದಾರೆ. ಅರ್ಧ ನಿಜ. 1.15ರಲ್ಲಿ 0.45 ಲೀಟರ್ ಸೂರ್ಯ ಮುಳುಗಿದ ಮೇಲೇ ಬಂತು. ಆದರೆ ನೀರು ಉಗುರುಬೆಚ್ಚಗೆ ಇದ್ದಾಗ ಅದರ ಶಾಖದಲ್ಲಿ ಆವಿಗೆ ಹೋಗುವ ಪಾಲು ಕಡಿಮೆ, ಸುಮ್ನೆ ಗಾಜಿಗೂ ಗೋಡೆಗೂ ಹೋಗುವ ಪಾಲು ಜಾಸ್ತಿ. 50 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 12 ಕಿಲೋಪ್ಯಾಸ್ಕಲ್, 70 ಡಿಗ್ರಿಯಲ್ಲಿ 31. ಇಪ್ಪತ್ತು ಡಿಗ್ರಿ ಏರಿದರೆ ಎರಡೂವರೆ ಪಟ್ಟು! ತೆಳು ನೀರಿನ ಗುಟ್ಟು ಇದೇ.

ಹಾಗಾದರೆ ಬಟ್ಟೆಯೇ ಗೆದ್ದಿತಾ? ಮೊದಲ ಕೆಲವು ದಿನ ಹೌದು. ಆಮೇಲೆ ಇಳುವರಿ ಜಾರತೊಡಗಿತು. ಬಟ್ಟೆಯ ಮೇಲೆ ಅಲ್ಲಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಬಿಳಿ ಬಿಸಿಲನ್ನು ವಾಪಸ್ ಕಳಿಸುತ್ತದೆ. ಉಪ್ಪು ಕಟ್ಟಿದ ಕಡೆ ನೀರು ಹರಡುವುದಿಲ್ಲ, ಒಣಗುತ್ತದೆ, ಒಣಗಿದ ಕಡೆ ಇನ್ನಷ್ಟು ಉಪ್ಪು. ಇದನ್ನು ಹೊರಗಿನಿಂದಲೇ ಗುರುತಿಸಬಹುದು: ಒಣ ಜಾಗದ ಮೇಲಿನ ಗಾಜಿನಲ್ಲಿ ಮಂಜು ತೆಳುವಾಗಿರುತ್ತದೆ. ಉಪಾಯ ಇದೆ. ಆವಿಯಾಗುವುದರ ಎರಡು ಪಟ್ಟು ನೀರು ಬಿಟ್ಟರೆ ಉಳಿದದ್ದು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಅದು ಒಯ್ಯುವ ಶಾಖ ಅಷ್ಟೇನೂ ದೊಡ್ಡದಲ್ಲ. ನಿಜವಾದ ತೊಂದರೆ ನಲ್ಲಿಯದು. ದಿನಕ್ಕೆ ಮೂರೂವರೆ ಲೀಟರ್ ಅಂದರೆ ತೀರಾ ಸಣ್ಣ ಹರಿವು. ಒಂದು ಚೂರು ಕಸ ಸಿಕ್ಕಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಹಪ್ಪಳದ ಹಾಗೆ ಒಣಗಿರುತ್ತದೆ. ಪಕ್ಕದಲ್ಲೇ ಇದ್ದು ನೋಡಿಕೊಳ್ಳುವವರಿಗೆ ಬಟ್ಟೆ ಸರಿ. ಬೆಳಿಗ್ಗೆ ನೀರು ತುಂಬಿ ಬೇರೆ ಕೆಲಸಕ್ಕೆ ಹೋಗುವವರಿಗೆ ಅಲ್ಲ.

ಉಪ್ಪಿನ ವಿಷಯದಲ್ಲಿ ಆಳದ ತೊಟ್ಟಿಯೇ ನಿರಾಳ, ಅದನ್ನು ಒಪ್ಪಲೇಬೇಕು. ತೆಳು ತೊಟ್ಟಿಯ 10 ಲೀಟರಿನಲ್ಲಿ 30 ಗ್ರಾಂ ಉಪ್ಪು ಇರುತ್ತದೆ. ದಿನಾ ಒಂದೂವರೆ ಲೀಟರ್ ಹೊಸ ನೀರು ಸೇರಿಸಿದರೆ ನಾಲ್ಕೂವರೆ ಗ್ರಾಂ ಕೂಡುತ್ತದೆ. ವಾರ ತುಂಬುವ ಹೊತ್ತಿಗೆ ಉಪ್ಪು ಇಮ್ಮಡಿ. ಆಳದ್ದರಲ್ಲಿ ಅಷ್ಟಾಗಲು ಒಂದು ತಿಂಗಳೇ ಬೇಕು.

ಮೂರರಲ್ಲೂ ಇಳಿದ ನೀರಿನ ಟಿಡಿಎಸ್ 10ರಿಂದ 15 ಪಿಪಿಎಂ ಒಳಗೇ ಇತ್ತು. ಅದು ಇದ್ದಕ್ಕಿದ್ದಂತೆ 60, 80ಕ್ಕೆ ಏರಿದರೆ ಗಾಜನ್ನು ದೂರಬೇಡಿ, ತೊಟ್ಟಿಯ ಉಪ್ಪುನೀರು ಎಲ್ಲೋ ಕಾಲುವೆಗೆ ಸೇರುತ್ತಿದೆ ಅಂತಲೇ ಅರ್ಥ. ಟಿಡಿಎಸ್ ಹಾಗೇ ಇದ್ದು ಇಳುವರಿ ಮಾತ್ರ ಕುಸಿದರೆ ಆವಿ ಸೋರುತ್ತಿದೆಯಾ ನೋಡಿ, ಹೆಚ್ಚಾಗಿ ಗಾಜಿನ ಅಂಚಿನ ಸಿಲಿಕೋನ್ ಬಿಟ್ಟಿರುತ್ತದೆ. ಇನ್ನೊಂದು ಮಾತು: ಪೆಟ್ರೋಲ್, ಥಿನ್ನರ್‌ನಂಥವು ನೀರಿನ ಜೊತೆಗೇ ಆವಿಯಾಗಿ ಬರುತ್ತವೆ. ಅಂಥದ್ದು ಬೆರೆತ ನೀರಿಗೆ ಈ ಪೆಟ್ಟಿಗೆ ಪರಿಹಾರ ಅಲ್ಲ, ಮತ್ತು ಟಿಡಿಎಸ್ ಮೀಟರ್ ಅದನ್ನು ತೋರಿಸುವುದೂ ಇಲ್ಲ.

ನಾನು ಉಳಿಸಿಕೊಂಡಿದ್ದು ತೆಳು ನೀರಿನ ತೊಟ್ಟಿ. ಇನ್ನೂ ತೆಳು ಮಾಡಿದರೆ ಇನ್ನೂ ಜಾಸ್ತಿ ಬರಬಹುದು ಅನಿಸುತ್ತದೆ. ಆದರೆ ತಳ ಪೂರ್ತಿ ಮಟ್ಟವಾಗಿ ಇರುವುದಿಲ್ಲ, ಒಂದು ಸೆಂಟಿಮೀಟರಿಗೆ ಇಳಿಸಿದರೆ ಮಧ್ಯಾಹ್ನದ ಮೇಲೆ ಒಂದು ಮೂಲೆ ಒಣಗಿ ಅಲ್ಲಿ ಉಪ್ಪು ಅಂಟುತ್ತದೆ. ಎರಡು ಸೆಂಟಿಮೀಟರ್ ಸಾಕು. ಪ್ರತಿದಿನ ಬೆಳಿಗ್ಗೆ, ನೀರು ಇನ್ನೂ ತಣ್ಣಗಿರುವಾಗಲೇ, ಕಡಿಮೆಯಾದಷ್ಟು ತುಂಬುತ್ತೇನೆ. ವಾರಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡುತ್ತೇನೆ. ಗಡಸು ನೀರಿನ ಬಿಳಿ ಪದರ ತಳದಲ್ಲಿ ಕಂಡಾಗ ವಿನೆಗರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ. ಒರಟಾದ ಬ್ರಷ್‌ನಿಂದ ಉಜ್ಜಿದರೆ ತೊಟ್ಟಿಯ ಕಪ್ಪು ಬಣ್ಣವೇ ಎದ್ದುಬರುತ್ತದೆ.